ಮಗಳ ಹಾಸ್ಟೆಲ್ ಟಿವಿಗೆ ಬೇರೆ ಬಿಲ್ಲು

ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬ ಅರ್ಥದ ಒಂದು ಸಾಲನ್ನು ನೆಟ್‌ಫ್ಲಿಕ್ಸ್ ಕಂಪನಿ 2017ರ ಮಾರ್ಚ್‌ನಲ್ಲಿ ತನ್ನ ಟ್ವಿಟರ್ ಖಾತೆಯಲ್ಲಿ ಹಾಕಿತ್ತು. ಆರು ವರ್ಷ ಕಳೆದು, 2023ರ ಮೇ 23ರಂದು, ಅದೇ ಕಂಪನಿ ಅಮೆರಿಕದ ಗ್ರಾಹಕರಿಗೆ ಇಮೇಲ್ ಕಳಿಸತೊಡಗಿತು. ನಿಮ್ಮ ಖಾತೆ ನಿಮ್ಮ ಮನೆಯವರಿಗೆ ಮಾತ್ರ. ಹೊರಗಿನವರು ನೋಡಬೇಕಾದರೆ ಅವರೇ ಚಂದಾ ಕಟ್ಟಲಿ, ಇಲ್ಲವೇ ನೀವು ಅವರ ಪರವಾಗಿ ತಿಂಗಳಿಗೆ 7.99 ಡಾಲರ್ ಹೆಚ್ಚು ಕೊಡಿ ಎನ್ನುವುದು ಅದರ ಸಾರ. ಅಂದು ಅಮೆರಿಕವೂ ಸೇರಿ ನೂರಕ್ಕೂ ಹೆಚ್ಚು ದೇಶಗಳಲ್ಲಿ ಈ ನಿಯಮ ಬಂತು.

ಈ ನಡುವೆ ಆಗಿದ್ದು ಇಷ್ಟು. 2022ರ ಮೊದಲ ಮೂರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಸುಮಾರು ಎರಡು ಲಕ್ಷ ಚಂದಾದಾರರನ್ನು ಕಳೆದುಕೊಂಡಿತು. ಹತ್ತು ವರ್ಷಕ್ಕೂ ಮಿಕ್ಕಿ ಏರುತ್ತಲೇ ಇದ್ದ ಸಂಖ್ಯೆ ಮೊದಲ ಸಲ ಇಳಿದಿತ್ತು. ಸುದ್ದಿ ಹೊರಬಿದ್ದ ಮರುದಿನ ಷೇರಿನ ಬೆಲೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಷೇರುದಾರರಿಗೆ ಬರೆದ ಪತ್ರದಲ್ಲಿ ಕಂಪನಿ ಒಂದು ಲೆಕ್ಕ ಮುಂದಿಟ್ಟಿತು: ಹಣ ಕೊಟ್ಟು ನೋಡುವ ಮನೆಗಳು 22 ಕೋಟಿಗೂ ಹೆಚ್ಚು, ಬೇರೆಯವರ ಖಾತೆಯಲ್ಲಿ ನೋಡುವ ಮನೆಗಳು 10 ಕೋಟಿಗೂ ಹೆಚ್ಚು. ಅಲ್ಲಿಯವರೆಗೆ ಈ 10 ಕೋಟಿ ಮನೆಗಳನ್ನು ಕಂಪನಿ ಪುಕ್ಕಟೆ ಪ್ರಚಾರವೆಂದು ನೋಡುತ್ತಿತ್ತು. ಅಂದಿನಿಂದ ಅವು ಬರಬೇಕಾದ ಬಾಕಿಯಾದವು.

ಗ್ರಾಹಕ ಇಲ್ಲಿ ನ್ಯಾಯವಾಗಿಯೇ ಕೇಳಬಹುದಾದ ಒಂದು ಪ್ರಶ್ನೆಯಿದೆ. ಬಹುಕಾಲ ನೆಟ್‌ಫ್ಲಿಕ್ಸ್ ಯೋಜನೆಗಳ ನಡುವಿನ ದೊಡ್ಡ ವ್ಯತ್ಯಾಸವಾಗಿದ್ದದ್ದು ಒಂದೇ ಹೊತ್ತಿಗೆ ಎಷ್ಟು ಪರದೆಗಳಲ್ಲಿ ನೋಡಬಹುದು ಎನ್ನುವುದು. ಸ್ಟ್ಯಾಂಡರ್ಡ್‌ಗೆ ಎರಡು, ಪ್ರೀಮಿಯಂಗೆ ನಾಲ್ಕು. ಎರಡು ಪರದೆಗೆ ದುಡ್ಡು ಕೊಟ್ಟವರು, ಆ ಎರಡನೆಯದು ಬೇರೆ ಊರಿನಲ್ಲಿ ಓದುವ ಮಗಳ ಕೋಣೆಯಲ್ಲಿದ್ದರೆ ಏನು ತಪ್ಪು ಎಂದುಕೊಂಡಿದ್ದರು. ಖಾತೆ ಮನೆಯವರಿಗಷ್ಟೇ ಎಂದು ಷರತ್ತುಗಳಲ್ಲಿ ಬರೆದಿದ್ದು ನಿಜ. ಆದರೆ ಕಂಪನಿಯೇ ವರ್ಷಗಟ್ಟಲೆ ಅದನ್ನು ಜಾರಿಗೆ ತರಲಿಲ್ಲ, ಬದಲಿಗೆ ಬೆನ್ನು ತಟ್ಟಿತು. ಹಣ ಕೇಳುವ ಹಕ್ಕು ಅದಕ್ಕಿದೆ ಎಂದು ನಾನು ಒಪ್ಪುತ್ತೇನೆ. ತಾನೇ ಬೆಳೆಸಿದ ಅಭ್ಯಾಸಕ್ಕೆ ಆಮೇಲೆ ಗ್ರಾಹಕರನ್ನು ಹೊಣೆ ಮಾಡುವ ಧಾಟಿಯನ್ನು ಒಪ್ಪಲಾರೆ.

ಮನೆ ಯಾವುದು ಎಂದು ಅದು ಗುರುತಿಸುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂಬುದು ಕಂಪನಿಗೆ ಬೇಕಾಗಿಲ್ಲ. ಖಾತೆದಾರರು ಹೆಚ್ಚಾಗಿ ನೋಡುವ ಜಾಗದ ಇಂಟರ್ನೆಟ್ ಸಂಪರ್ಕಕ್ಕೆ ಸೇರಿಕೊಂಡ ಟಿವಿ, ಫೋನು, ಲ್ಯಾಪ್‌ಟಾಪ್‌ಗಳೆಲ್ಲ ಸೇರಿದರೆ ಅದರ ಕಣ್ಣಿಗೆ ಒಂದು ಮನೆ. ಇದನ್ನು ಗೊತ್ತುಮಾಡಲು ಅದು ಬಳಸುವುದು ಸಂಪರ್ಕದ ಐಪಿ ವಿಳಾಸ, ಪ್ರತಿ ಉಪಕರಣಕ್ಕೂ ಇರುವ ಗುರುತು ಸಂಖ್ಯೆ ಮತ್ತು ಆ ಖಾತೆಯಲ್ಲಿ ನಡೆಯುವ ವೀಕ್ಷಣೆಯ ಜಾಡು. ಉಪಗ್ರಹದ ಜಿಪಿಎಸ್ ಮೂಲಕ ನಿಮ್ಮ ಬೀದಿಯನ್ನು ಹುಡುಕುವುದಿಲ್ಲ.

ಬಿಗಿಯೆಲ್ಲ ಇರುವುದು ಮುಖ್ಯವಾಗಿ ಟಿವಿಯ ಮೇಲೆ. ಟಿವಿ ಮನೆಯಲ್ಲೇ ಕೂತಿರುವ ವಸ್ತು. ಫೋನು ಜೇಬಿನಲ್ಲಿ ಊರೂರು ತಿರುಗುವಂಥದ್ದು. ಹಾಗಾಗಿ ಟಿವಿಯಲ್ಲಿ ನೋಡದವರು ಮನೆಯನ್ನು ನಮೂದಿಸುವ ಅಗತ್ಯವೇ ಇಲ್ಲ. ಬೇರೆ ಊರಿನ ಟಿವಿಯಲ್ಲಿ ಖಾತೆ ತೆರೆದರೆ, ಈ ಟಿವಿ ನಿಮ್ಮ ಖಾತೆಯ ಮನೆಗೆ ಸೇರಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಪ್ರವಾಸದಲ್ಲಿದ್ದೇನೆ ಎಂದು ತಿಳಿಸಿದರೆ ಖಾತೆದಾರರ ಇಮೇಲ್‌ಗೋ ಫೋನಿಗೋ ಒಂದು ಕೋಡ್ ಹೋಗುತ್ತದೆ. ಅದಕ್ಕೆ ಹದಿನೈದೇ ನಿಮಿಷ ಆಯಸ್ಸು. ಅಷ್ಟರೊಳಗೆ ಟಿವಿಯಲ್ಲಿ ಹಾಕಿದರೆ ತಾತ್ಕಾಲಿಕವಾಗಿ ನೋಡಬಹುದು. ಸಾಲ ತಂದ ಪಾಸ್‌ವರ್ಡ್‌ಗಳು ಸೋಲುವುದು ಇಲ್ಲೇ. ಪ್ರತಿ ಸಲವೂ ಅಣ್ಣನಿಗೆ ಫೋನ್ ಮಾಡಿ ಕೋಡ್ ಕೇಳುವುದಕ್ಕಿಂತ ಸ್ವಂತ ಖಾತೆಯೇ ವಾಸಿ ಎನ್ನಿಸುವ ಹಾಗೆ ಇದನ್ನು ರೂಪಿಸಿದ್ದಾರೆ.

ತಪ್ಪು ಮಾಡದವರೂ ಕೆಲವೊಮ್ಮೆ ಸಿಕ್ಕಿಬೀಳುತ್ತಾರೆ. ಇಂಟರ್ನೆಟ್ ಕಂಪನಿ ಬದಲಾಯಿಸಿದಾಗ, ಟಿವಿಯನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದಾಗ, ವಿಪಿಎನ್ ಚಾಲೂ ಇದ್ದಾಗ ಸ್ವಂತ ಮನೆಯ ಟಿವಿಯೇ ಹೊರಗಿನದೆಂದು ತೋರಬಹುದು. ಮನೆಯ ಬೇರೆ ಉಪಕರಣಗಳಲ್ಲಿ ಸರಿಯಾಗಿ ನಡೆದು ಒಂದೇ ಟಿವಿಯಲ್ಲಿ ಸೂಚನೆ ಬಂದರೆ, ಅದು ಬೇರೆ ಸಂಪರ್ಕದಲ್ಲಿದೆ ಎಂದೇ ಮೊದಲು ಊಹಿಸಬೇಕು. ಅದನ್ನು ಮನೆಯ ವೈ-ಫೈಗೆ ಮರಳಿ ಸೇರಿಸಿ, ಟಿವಿಯ ನೆಟ್‌ಫ್ಲಿಕ್ಸ್ ಮೆನುವಿನಲ್ಲಿ Get Help ಒಳಗಿರುವ Manage Netflix Household ಎಂಬಲ್ಲಿ ಹೋಗಿ ಮನೆಯನ್ನು ಮತ್ತೆ ನಮೂದಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ.

ಈ ವ್ಯವಸ್ಥೆಗೆ ಕಾಣದೇ ಹೋಗುವುದು ಎರಡು ಕಡೆ ಹಂಚಿಹೋದ ಸಂಸಾರಗಳು. ಕೆಲಸಕ್ಕಾಗಿ ಬೇರೆ ಊರಿನಲ್ಲಿರುವ ಗಂಡ, ಬೇರೆಯಾದ ತಂದೆ ತಾಯಿಯ ನಡುವೆ ವಾರ ಹಂಚಿಕೊಂಡು ಬೆಳೆಯುವ ಮಗು, ಹಾಸ್ಟೆಲ್ ಸೇರಿದ ಮಗಳು, ಇವರೆಲ್ಲ ಮನೆಯವರೇ. ಒಂದೇ ವೈ-ಫೈ ಅಡಿಯಲ್ಲಿ ಇಲ್ಲ, ಅಷ್ಟೆ. ಇಂಥವರನ್ನು ಖಾತೆಗೆ ಹಣ ಕೊಡದೆ ಅಂಟಿಕೊಂಡವರ ಸಾಲಿನಲ್ಲೇ ನಿಲ್ಲಿಸಿರುವುದು ಈ ನಿಯಮದ ದೊಡ್ಡ ಅನ್ಯಾಯ.

ಇನ್ನು ದುಡ್ಡಿನ ಮಾತು. ನ್ಯೂಜೆರ್ಸಿಯಲ್ಲಿ ಒಂದು ಕನ್ನಡ ಕುಟುಂಬ ಇದೆ, ಮಗಳು ಬೇರೆ ರಾಜ್ಯದಲ್ಲಿ ಕಾಲೇಜು ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. 2022ರ ಜನವರಿಯ ಏರಿಕೆಯ ನಂತರ ಜಾಹೀರಾತಿಲ್ಲದ ಸ್ಟ್ಯಾಂಡರ್ಡ್ ಚಂದಾ ತಿಂಗಳಿಗೆ 15.49 ಡಾಲರ್ ಇತ್ತು. ಆ ದುಡ್ಡಿನಲ್ಲಿ ಅಪ್ಪ ಅಮ್ಮ ಒಂದು ಕಡೆ, ಮಗಳು ಇನ್ನೊಂದು ಕಡೆ ನೋಡುತ್ತಿದ್ದರು. 2025ರ ಜನವರಿಯಲ್ಲಿ ಅದೇ ಚಂದಾ 17.99ಕ್ಕೆ ಏರಿತು. ಮನೆಯ ಹೊರಗಿನ ಒಬ್ಬರನ್ನು ಸೇರಿಸುವ ಶುಲ್ಕವೂ ಜೊತೆಗೇ 7.99ರಿಂದ 8.99 ಆಯಿತು. ಎರಡೂ ಸೇರಿ 26.98 ಡಾಲರ್. ಮೂರು ವರ್ಷದಲ್ಲಿ ಇದೇ ಮೂವರು, ಇದೇ ಎರಡು ಪರದೆ, ಬಿಲ್ಲು ಮಾತ್ರ ಸುಮಾರು ಮುಕ್ಕಾಲು ಪಾಲು ಹೆಚ್ಚು. ಇದರಲ್ಲಿ ತೆರಿಗೆ ಸೇರಿಲ್ಲ. ಸುದ್ದಿಯಲ್ಲಿ ಕಂಡ ಎರಡೂವರೆ ಡಾಲರ್ ಏರಿಕೆ ಈ ಕುಟುಂಬದ ಮಟ್ಟಿಗೆ ಹನ್ನೊಂದೂವರೆ ಡಾಲರ್.

ಪ್ರೀಮಿಯಂಗೆ ಏರಿದರೆ ಪರಿಹಾರವಾದೀತೆ? ಆಗುವುದಿಲ್ಲ. ಅದೇ ತಿಂಗಳು 24.99 ಡಾಲರಿಗೆ ಏರಿದ ಪ್ರೀಮಿಯಂನ ನಾಲ್ಕು ಪರದೆಗಳೂ ಒಂದೇ ಮನೆಯೊಳಗಿನವು. ಆ ಯೋಜನೆಯಲ್ಲಿ ಹೊರಗಿನ ಇಬ್ಬರನ್ನು ಸೇರಿಸಬಹುದು, ಒಬ್ಬೊಬ್ಬರಿಗೂ ಶುಲ್ಕ ಬೇರೆ.

ಇನ್ನೊಂದು ಬೆಲೆಯನ್ನು ಪಕ್ಕದಲ್ಲಿಟ್ಟರೆ ಕಂಪನಿಯ ಲೆಕ್ಕಾಚಾರ ಬಯಲಾಗುತ್ತದೆ. ಜಾಹೀರಾತು ಬರುವ ಚಂದಾ ಅದೇ ಏರಿಕೆಯಲ್ಲಿ 7.99 ಡಾಲರ್ ಆಯಿತು. ಅಂದರೆ ಆಗ ಮಗಳನ್ನು ಅಪ್ಪನ ಖಾತೆಗೆ ಸೇರಿಸಲು 8.99, ಮಗಳೇ ಜಾಹೀರಾತಿನ ಖಾತೆ ತೆಗೆದರೆ 7.99 ಆಗುತ್ತಿತ್ತು. ಸೇರಿಸಿದ ಸದಸ್ಯರಿಗೆ ಒಂದೇ ಪ್ರೊಫೈಲು, ಒಂದು ಹೊತ್ತಿಗೆ ಒಂದೇ ಪರದೆ. ಸ್ವಂತ ಖಾತೆಯಲ್ಲಿ ಜಾಹೀರಾತು ಸಹಿಸಿಕೊಂಡರೆ ಎರಡು ಪರದೆ. ಅಪ್ಪನ ಖಾತೆಗೇ ಜಾಹೀರಾತು ಸಹಿತ ಸದಸ್ಯರಾಗಿ ಸೇರಿಸುವ 6.99ರ ದಾರಿಯೂ ಆಗ ಬಂತು. ಒಂದು ಡಾಲರ್ ಉಳಿಸಲು ಒಂದು ಪರದೆ ಬಿಟ್ಟುಕೊಡಬೇಕು. ಜಾಹೀರಾತಿಲ್ಲದ ಅಗ್ಗದ ಬೇಸಿಕ್ ಯೋಜನೆಯನ್ನು ಅಮೆರಿಕದಲ್ಲಿ 2023ರ ಜುಲೈನಲ್ಲೇ ಹೊಸಬರಿಗೆ ನಿಲ್ಲಿಸಿದ್ದರಿಂದ, ಹೊರಗೆ ತಳ್ಳಿಸಿಕೊಂಡವರಿಗೆ ಅತಿ ಕಡಿಮೆ ಬೆಲೆಯಲ್ಲಿ ಕಾಣುವ ಬಾಗಿಲು ಜಾಹೀರಾತಿನದೇ. ಅಲ್ಲಿ ನೋಡುಗರಿಂದ ಚಂದಾ ಬರುತ್ತದೆ, ಜಾಹೀರಾತುದಾರರಿಂದ ಇನ್ನೊಂದು ಆದಾಯ ಬರುತ್ತದೆ. ಬೆಲೆ ಏರಿಕೆ ಮತ್ತು ಹೊರಗಿನವರ ಶುಲ್ಕವನ್ನು ಎರಡು ಸುದ್ದಿಗಳಾಗಿ ಓದಬಾರದು ಎಂದು ನಾನು ಹೇಳುವುದು ಇದಕ್ಕೇ. ಹಂಚಿಕೊಂಡು ನೋಡುವ ದಾರಿ ತೆರೆದಿದ್ದಾಗ ಬೆಲೆ ಏರಿಸಿದರೆ ಜನ ಚಂದಾ ಬಿಟ್ಟು ಅಕ್ಕನ ಪಾಸ್‌ವರ್ಡ್ ಕೇಳುತ್ತಿದ್ದರು. ಆ ದಾರಿ ಮುಚ್ಚಿದ ಮೇಲೆ ಏರಿಸುವುದು ಸಲೀಸು.

ಜನ ಸಿಟ್ಟಿಗೆದ್ದು ಬಿಟ್ಟುಹೋಗಲಿಲ್ಲವೇ ಎಂದರೆ, ಹೋದರು, ಆದರೆ ಆ ನಷ್ಟ ತುಂಬಿಬಂತು. ಮೊದಲು ಚಿಲಿ, ಪೆರು, ಕೋಸ್ಟರಿಕಗಳಲ್ಲಿ ಪ್ರಯೋಗ ಮಾಡಿ, 2023ರ ಫೆಬ್ರವರಿಯಲ್ಲಿ ಕೆನಡಾ, ಸ್ಪೇನ್, ಪೋರ್ಚುಗಲ್, ನ್ಯೂಜಿಲೆಂಡ್‌ಗಳಿಗೆ ತಂದಾಗ ಆರಂಭದಲ್ಲಿ ಚಂದಾ ರದ್ದು ಮಾಡಿದವರು ಹೆಚ್ಚಾದರು. ಆದರೆ ಏಪ್ರಿಲ್ ಹೊತ್ತಿಗೆ, ಕೆನಡಾದಲ್ಲಿ ಹಣ ಕೊಡುವವರ ಸಂಖ್ಯೆ ಮೊದಲಿಗಿಂತ ಜಾಸ್ತಿಯಾಗಿದೆ ಎಂದು ಕಂಪನಿ ತಿಳಿಸಿತು. 2024ರ ಕೊನೆಗೆ ಜಗತ್ತಿನಾದ್ಯಂತ ಚಂದಾದಾರರು 30 ಕೋಟಿ ದಾಟಿದ್ದರು. ಇದನ್ನು ಕಂಡ ಡಿಸ್ನಿ ಪ್ಲಸ್ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅದೇ ದಾರಿ ಹಿಡಿಯಿತು.

ಭಾರತದ ಕಥೆ ಬೇರೆ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ಬೆಲೆ ಇಳಿಸಿತ್ತು. 499 ರೂಪಾಯಿ ಇದ್ದ ಬೇಸಿಕ್ 199ಕ್ಕೆ ಬಂದಿತ್ತು. 2023ರ ಜುಲೈ 20ರಂದು ಮನೆಯ ನಿಯಮ ಇಲ್ಲಿಗೂ ಬಂತು, ಹೆಚ್ಚುವರಿ ಸದಸ್ಯರ ಸೌಲಭ್ಯ ಮಾತ್ರ ಬರಲಿಲ್ಲ. ಬೆಲೆ ಈಗಾಗಲೇ ಇಳಿಸಿದ್ದೇವೆ, ಹಾಗಾಗಿ ಬೇರೆ ಮನೆಯವರು ಬೇರೆ ಖಾತೆಯನ್ನೇ ತೆಗೆದುಕೊಳ್ಳಲಿ ಎನ್ನುವುದು ಕಂಪನಿಯ ನಿಲುವಾಗಿತ್ತು. ಪ್ರೈಮ್ ವಿಡಿಯೊ ಇಲ್ಲಿ ಇನ್ನೊಂದು ರೀತಿ ಮಾಡಿತು. 2025ರ ಜನವರಿಯಿಂದ ಒಂದು ಸದಸ್ಯತ್ವಕ್ಕೆ ಐದು ಉಪಕರಣ, ಅದರಲ್ಲಿ ಟಿವಿ ಎರಡೇ ಎಂದು ಮಿತಿ ಹಾಕಿತು. ಮನೆ ಯಾವುದೆಂದು ಕೇಳದೆ ಟಿವಿಗಳನ್ನು ಎಣಿಸುವ ಈ ಪದ್ಧತಿ ಎರಡು ಊರಿನಲ್ಲಿರುವ ಕುಟುಂಬಕ್ಕೆ ಹೆಚ್ಚು ಮರ್ಯಾದೆ ಕೊಡುತ್ತದೆ ಎಂದು ನನಗನ್ನಿಸುತ್ತದೆ.

ಹೊರದೇಶದಲ್ಲಿ ಮಕ್ಕಳಿರುವವರು ಒಂದು ಸಂಗತಿ ತಿಳಿದಿರಬೇಕು. ಹೆಚ್ಚುವರಿ ಸದಸ್ಯರು ಖಾತೆ ಇರುವ ದೇಶದಲ್ಲೇ ಇರಬೇಕು. ಡಲ್ಲಾಸ್‌ನಲ್ಲಿರುವ ಮಗ ಶುಲ್ಕ ಕೊಡಲು ಸಿದ್ಧನಿದ್ದರೂ ಮೈಸೂರಿನ ತಾಯಿಯನ್ನು ತನ್ನ ಖಾತೆಗೆ ಸೇರಿಸಲಾರ. ತಾಯಿಗೆ ಇಲ್ಲಿಯ ಬೆಲೆಯಲ್ಲಿ ಇಲ್ಲಿಯ ಖಾತೆ ಮಾಡಿಕೊಡುವುದೇ ಸರಿಯಾದ ದಾರಿ, ಹೇಗೂ ಅದು ಅಗ್ಗ.

ಬೇರೆ ಖಾತೆ ಮಾಡುವಾಗ ಹಳೆಯ ಪ್ರೊಫೈಲನ್ನು ವರ್ಗಾಯಿಸಿಕೊಳ್ಳಿ. ನೋಡಿದ ಚಿತ್ರಗಳ ಇತಿಹಾಸ ಮತ್ತು ಆರಿಸಿಟ್ಟ ಪಟ್ಟಿ ಹೊಸ ಖಾತೆಗೆ ಬರುತ್ತವೆ. ಆಮೇಲೆ ಹಳೆಯ ಖಾತೆಯಲ್ಲಿ ಎಲ್ಲ ಉಪಕರಣಗಳಿಂದ ಹೊರಬಂದು ಪಾಸ್‌ವರ್ಡ್ ಬದಲಾಯಿಸಿ. ಬೆಲೆಗಳು ಬದಲಾಗುತ್ತಲೇ ಇರುವುದರಿಂದ, ಅಮೆರಿಕದಲ್ಲಿರುವವರು ಹೆಚ್ಚುವರಿ ಸದಸ್ಯರ ಶುಲ್ಕಕ್ಕೆ ಒಪ್ಪಿಗೆ ಕೊಡುವ ಮುನ್ನ ಅಂದಿನ ಜಾಹೀರಾತು ಯೋಜನೆಯ ಬೆಲೆಯನ್ನೂ ತೆರೆದು ನೋಡಿ. ಪರೀಕ್ಷೆಯ ತಿಂಗಳುಗಳಲ್ಲಿ ಮಗಳು ಟಿವಿ ಹಾಕುವುದೇ ಇಲ್ಲವೆಂದಾದರೆ ಆ ಶುಲ್ಕವನ್ನು ನಿಲ್ಲಿಸಿ, ಬೇಕಾದಾಗ ಮತ್ತೆ ಸೇರಿಸಿ. ಇದು ತಿಂಗಳ ಲೆಕ್ಕದ ಚಂದಾ. ವರ್ಷವಿಡೀ ಕಟ್ಟಲೇಬೇಕೆಂಬ ಕರಾರು ಅದರಲ್ಲಿಲ್ಲ.