ಖರೀದಿ ವಹಿ ಮತ್ತು GSTR-2B: ಬಿಲ್ಲುವಾರು ತಾಳೆ ನೋಡುವ ಕ್ರಮ

ಜಿಎಸ್‌ಟಿ ನೋಂದಣಿ ಹೊಂದಿರುವ ಸ್ವಸಹಾಯ ಸಂಘಗಳ ಒಕ್ಕೂಟಗಳು ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಲು, ಆ ಬಿಲ್ಲನ್ನು ಮಾರಾಟಗಾರರು GSTR-1ರಲ್ಲಿ ಸಲ್ಲಿಸಿರಬೇಕು. ಹೀಗೆ ಸಲ್ಲಿಕೆಯಾದ ಬಿಲ್ಲುಗಳು ಮುಂದಿನ ತಿಂಗಳ 14ರಂದು ಒಕ್ಕೂಟದ GSTR-2Bಯಲ್ಲಿ ಕಾಣಿಸುತ್ತವೆ.

ಒಟ್ಟು ಮೊತ್ತವನ್ನಷ್ಟೇ ಹೋಲಿಸಿದರೆ ಒಂದು ಬಿಲ್ಲಿನ ಕೊರತೆಯನ್ನು ಇನ್ನೊಂದರ ಹೆಚ್ಚಳವು ಮರೆಮಾಡಬಹುದು. ಆದ್ದರಿಂದ ಮಾರಾಟಗಾರರ ಜಿಎಸ್‌ಟಿ ಸಂಖ್ಯೆ ಮತ್ತು ಬಿಲ್ಲಿನ ಸಂಖ್ಯೆಯ ಆಧಾರದಲ್ಲಿ ಪ್ರತಿ ಬಿಲ್ಲನ್ನೂ ತಾಳೆ ನೋಡತಕ್ಕದ್ದು. ವಹಿಯಲ್ಲಿ 127, ಪೋರ್ಟಲ್‌ನಲ್ಲಿ 0127 ಎಂದಿದ್ದು, ದಿನಾಂಕ ಹಾಗೂ ಮೊತ್ತ ಒಂದೇ ಆಗಿದ್ದರೆ ಅದನ್ನು ವ್ಯತ್ಯಾಸವೆಂದು ಪರಿಗಣಿಸಬಾರದು.

ಉದಾಹರಣೆಗೆ, ಶೇ. 18ರ ತೆರಿಗೆಯ ಪ್ಯಾಕಿಂಗ್ ಯಂತ್ರವೊಂದರ ಮೌಲ್ಯವು ವಹಿಯಲ್ಲಿ ₹54,000, GSTR-2Bಯಲ್ಲಿ ₹45,000 ಎಂದಿದೆ. ತೆರಿಗೆ ಕ್ರಮವಾಗಿ ₹9,720 ಮತ್ತು ₹8,100, ವ್ಯತ್ಯಾಸ ₹1,620. ಮೊದಲು ಮೂಲ ಬಿಲ್ಲನ್ನು ನೋಡಬೇಕು. ಅದರಲ್ಲಿ ₹45,000 ಇದ್ದರೆ ವಹಿಯನ್ನು ಸರಿಪಡಿಸಬೇಕು. ₹54,000 ಇದ್ದರೆ ಈ ತಿಂಗಳು ₹8,100 ಮಾತ್ರ ಪಡೆದು, ತಿದ್ದುಪಡಿಗಾಗಿ ಮಾರಾಟಗಾರರಿಗೆ ಬರೆಯಬೇಕು.

GSTR-2Bಯಲ್ಲಿ ಕಾಣದ ಬಿಲ್ಲುಗಳನ್ನು ಪ್ರತ್ಯೇಕ ಬಾಕಿ ಪಟ್ಟಿಯಲ್ಲಿಟ್ಟು, ಪ್ರತಿ ತಿಂಗಳೂ ಮರಳಿ ನೋಡತಕ್ಕದ್ದು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆಯ ಸಲ್ಲಿಕೆ, ಇವುಗಳಲ್ಲಿ ಮೊದಲಿನದು ಕಳೆದರೆ ಆ ತೆರಿಗೆಯು ಒಕ್ಕೂಟಕ್ಕೆ ದಕ್ಕುವುದಿಲ್ಲ.