ಪುಲ್ಲಿ ಜಾರದಂತೆ ತಡೆಯುವುದು ಸ್ಕ್ರೂ ಅಲ್ಲ, ಕೀ

ಮೇವು ಕತ್ತರಿಸುವ ಯಂತ್ರದಲ್ಲಿ ಶಾಫ್ಟ್ ನಿಂತು ಪುಲ್ಲಿ ಮಾತ್ರ ಗಿರಗಿರ ತಿರುಗತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಅಲೆನ್ ಕೀ ಕಡೆಗೆ. ಪುಲ್ಲಿಯ ಗ್ರಬ್ ಸ್ಕ್ರೂ ಇನ್ನರ್ಧ ಸುತ್ತು ಬಿಗಿದು ಸ್ವಿಚ್ ಹಾಕುತ್ತಾರೆ. ಸ್ವಲ್ಪ ಕಾಲ ಓಡುತ್ತದೆ, ಆಮೇಲೆ ಮತ್ತೆ ಅದೇ ಕತೆ. ಸ್ಕ್ರೂವಿನ ಕೆಲಸ ಪುಲ್ಲಿ ಶಾಫ್ಟಿನ ಉದ್ದಕ್ಕೆ ಸರಿಯದಂತೆ ಹಿಡಿಯುವುದಷ್ಟೆ. ತಿರುಗಿಸುವ ಬಲವನ್ನು ಹೊರಬೇಕಾದದ್ದು ಕೀ, ಅಂದರೆ ಅರ್ಧ ಶಾಫ್ಟಿನಲ್ಲೂ ಅರ್ಧ ಪುಲ್ಲಿಯಲ್ಲೂ ಕೂರುವ ಚೌಕಟ್ಟಾದ ಉಕ್ಕಿನ ತುಂಡು.

ಆ ಬಲ ಎಷ್ಟೆಂದು ಲೆಕ್ಕ ಹಾಕೋಣ. 2 ಎಚ್‌ಪಿ ಮೋಟಾರು, ಬೆಲ್ಟಿನ ಮೂಲಕ ವೇಗ ಇಳಿದು ಯಂತ್ರದ ಶಾಫ್ಟ್ ನಿಮಿಷಕ್ಕೆ 480 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆಗ ಶಾಫ್ಟಿನ ಮೇಲೆ ಬೀಳುವ ಟಾರ್ಕ್ ಸುಮಾರು 30 ನ್ಯೂಟನ್-ಮೀಟರ್. ಶಾಫ್ಟ್ 24 ಮಿ.ಮೀ. ದಪ್ಪವಿದ್ದರೆ ಅದರ ಮೈಮೇಲೆ ಇದು ಎರಡೂವರೆ ಕ್ವಿಂಟಲ್ ತೂಕದಷ್ಟು ತಳ್ಳುವಿಕೆ. ಮೇವಿನ ಕಟ್ಟು ಸಿಕ್ಕಿಕೊಂಡಾಗ ಇನ್ನೂ ಹೆಚ್ಚು. ಈ ದಪ್ಪದ ಶಾಫ್ಟಿಗೆ ಮೆಟ್ರಿಕ್ ಕೋಷ್ಟಕ ಹೇಳುವ ಕೀ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರದ್ದು. 40 ಮಿ.ಮೀ. ಉದ್ದವಿದ್ದರೆ ಅದು ಇದರ ಹತ್ತು ಪಟ್ಟು ಬಲಕ್ಕೂ ತುಂಡಾಗುವುದಿಲ್ಲ. ಹಾಗಿದ್ದೂ ಕೀಗಳು ಹಾಳಾಗುತ್ತವೆ. ಬಲ ಸಾಲದೆ ಅಲ್ಲ, ಸಡಿಲವಿದ್ದು. ಕೀ ಮತ್ತು ಗಾಡಿಯ ನಡುವೆ ಕೂದಲೆಳೆಯಷ್ಟು ಜಾಗವಿದ್ದರೆ ಪ್ರತಿ ಸಲ ಯಂತ್ರ ಚಾಲೂ ಆದಾಗಲೂ ಅದು ಸುತ್ತಿಗೆ ಏಟು.

ಆದ್ದರಿಂದ ಗಾಡಿ ಕೊರೆಯುವಾಗ ಅಗಲವೇ ಮುಖ್ಯ. ಮಿಲ್ಲಿಂಗ್ ಯಂತ್ರದಲ್ಲಿ 8 ಮಿ.ಮೀ. ಕಟ್ಟರನ್ನೇ ಒಮ್ಮೆಗೆ ಇಳಿಸಿದರೆ ಅದು ಬಾಗಿ ಗಾಡಿ ಅಗಲವಾಗಿಬಿಡುತ್ತದೆ. 6 ಮಿ.ಮೀ. ಕಟ್ಟರಿನಿಂದ ನಡುವೆ ತೆಗೆದು, ಆಮೇಲೆ ಎರಡೂ ಬದಿ ಸ್ವಲ್ಪ ಸ್ವಲ್ಪವಾಗಿ ಸರಿಮಾಡುವುದು ಲೇಸು. ಕೀ ಸಣ್ಣ ಸುತ್ತಿಗೆಯ ಹಗುರ ಏಟಿಗೆ ಕೂರಬೇಕು, ಬೆರಳಲ್ಲಿ ಒತ್ತಿದರೆ ಬೀಳಬಾರದು.

ಆಳದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಕೋಷ್ಟಕದ 4 ಮಿ.ಮೀ. ಆಳವನ್ನು ಅಳೆಯಬೇಕಾದ್ದು ದುಂಡು ಶಾಫ್ಟಿನ ನೆತ್ತಿಯಿಂದ. ಗಾಡಿ ಬಿದ್ದ ಮೇಲೆ ಆ ನೆತ್ತಿ ಇರುವುದಿಲ್ಲ! ಅಂಚಿನಿಂದ ಅಳೆದು 4 ಮಿ.ಮೀ. ಇಳಿಸಿದರೆ ಗಾಡಿ ಸುಮಾರು 0.7 ಮಿ.ಮೀ. ಹೆಚ್ಚು ಆಳವಾಗುತ್ತದೆ, ಕೀ ಅಷ್ಟೇ ಒಳಗೆ ಮುಳುಗಿ, ಪುಲ್ಲಿಯ ಗಾಡಿಯಲ್ಲಿ ಅದರ ಹಿಡಿತ ಕಡಿಮೆಯಾಗುತ್ತದೆ. ಸುಲಭದ ಉಪಾಯವೆಂದರೆ ಶಾಫ್ಟಿನ ಬೆನ್ನಿನಿಂದ ಗಾಡಿಯ ತಳದವರೆಗೆ ಅಳೆಯುವುದು. ಅದು 20 ಮಿ.ಮೀ. ಇದ್ದರೆ ಸರಿ. ಪುಲ್ಲಿಯ ಬೋರಿನಲ್ಲಿ ಇದೇ ರೀತಿ ಎದುರು ಗೋಡೆಯಿಂದ ಗಾಡಿಯ ತಳಕ್ಕೆ 27.3 ಮಿ.ಮೀ. ಇರಬೇಕು. ಎರಡೂ ಸೇರಿದಾಗ ಕೀಯ ಮೇಲೆ 0.3 ಮಿ.ಮೀ. ಖಾಲಿ ಉಳಿಯುತ್ತದೆ, ಅದು ಬೇಕೆಂದೇ ಬಿಟ್ಟದ್ದು. ಈ ಬಗೆಯ ಕೀ ಬಲ ಹೊರುವುದು ಪಕ್ಕೆಗಳಿಂದ. ನೆತ್ತಿ ತಾಗಿದರೆ ಪುಲ್ಲಿ ಒಂದು ಬದಿಗೆ ಎತ್ತಿಕೊಂಡು ಓಲಾಡುತ್ತದೆ.

ಪುಲ್ಲಿಯ ಗಾಡಿಯನ್ನು ಸ್ಲಾಟಿಂಗ್ ಮಷೀನಿನಲ್ಲಿ ಹೊಡೆಸಬಹುದು, ಬ್ರೋಚ್ ಇದ್ದರೆ ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬಹುದು. ಗಾಡಿಗೆ 90 ಡಿಗ್ರಿ ಪಕ್ಕದಲ್ಲಿ ಪುಲ್ಲಿಯ ಕತ್ತಿನಲ್ಲಿ 5 ಮಿ.ಮೀ. ತೂತು ಕೊರೆದು, 6 ಮಿ.ಮೀ. ಗ್ರಬ್ ಸ್ಕ್ರೂವಿಗೆ ಟ್ಯಾಪ್ ಹಾಕಬೇಕು.

ಇನ್ನು ಸ್ಕ್ರೂ ಕೂರುವ ಚಪ್ಪಟೆ ಜಾಗ. ಸ್ಕ್ರೂವಿನ ಬಟ್ಟಲು ತುದಿ ದುಂಡು ಶಾಫ್ಟನ್ನು ಕಚ್ಚಿದಾಗ ಸುತ್ತ ಲೋಹ ಉಬ್ಬುತ್ತದೆ. ಮುಂದೊಂದು ದಿನ ಪುಲ್ಲಿ ಎಳೆಯುವಾಗ ಆ ಉಬ್ಬು ಬೋರನ್ನು ಗೀರುತ್ತದೆ, ಪುಲ್ಲಿ ಹೊರಗೇ ಬರುವುದಿಲ್ಲ. ಅರ್ಧ ಮಿ.ಮೀ. ಅರ ಹಾಕಿ ತಟ್ಟು ಮಾಡಿದರೆ ಉಬ್ಬು ಶಾಫ್ಟಿನ ಮೈಗಿಂತ ಕೆಳಗೇ ಉಳಿಯುತ್ತದೆ. 24 ಮಿ.ಮೀ. ಶಾಫ್ಟಿನಲ್ಲಿ ಅರ್ಧ ಮಿ.ಮೀ. ತೆಗೆದರೆ ಸುಮಾರು 6.9 ಮಿ.ಮೀ. ಅಗಲದ ತಟ್ಟು ಸಿಗುತ್ತದೆ, 6 ಮಿ.ಮೀ. ಸ್ಕ್ರೂವಿಗೆ ಅಷ್ಟು ಸಾಕು. ಜಾಗ ಗುರುತಿಸಲು ಅಳತೆ ಬೇಕಿಲ್ಲ. ಕೀ ಸಮೇತ ಪುಲ್ಲಿ ಏರಿಸಿ, ಸರಿಯಾದ ಸಾಲಿಗೆ ತಂದು, ಸ್ಕ್ರೂ ಹಗುರಾಗಿ ಬಿಗಿದು ಬಿಚ್ಚಿದರೆ ಶಾಫ್ಟಿನ ಮೇಲೆ ಉಂಗುರದ ಗುರುತು ಬಿದ್ದಿರುತ್ತದೆ. ಅಲ್ಲೇ ಅರ ಹಾಕಿ. ತಟ್ಟು ಓರೆಯಾದರೆ ಮಾತ್ರ ಸ್ಕ್ರೂವಿನ ತುದಿ ಒಂದೇ ಅಂಚಲ್ಲಿ ನಿಂತು ಬೇಗ ಸಡಿಲಾಗುತ್ತದೆ.

ಜೋಡಣೆ ಕೆಟ್ಟಿದೆಯೇ ಎಂದು ಪುಲ್ಲಿ ಬಿಚ್ಚದೆಯೇ ತಿಳಿಯಬಹುದು. ಮೋಟಾರು ಚಾಲೂ ಆಗುವಾಗ ಟಕ್ ಎಂಬ ಸದ್ದು, ಬೋರಿನ ಅಂಚಿನಲ್ಲಿ ತುಕ್ಕುಬಣ್ಣದ ನುಣ್ಣನೆ ಪುಡಿ, ಇವೆರಡಿದ್ದರೆ ಕೀ ಒಳಗೆ ಅಲ್ಲಾಡುತ್ತಿದೆ. ಅಗಲವಾದ ಗಾಡಿಗೆ ತಗಡಿನ ಚೂರು ತುರುಕುವುದು ನಮ್ಮಲ್ಲಿ ಮಾಮೂಲು, ಆದರೆ ಆ ಚೂರು ಕೆಲವೇ ದಿನದಲ್ಲಿ ಚಪ್ಪಟೆಯಾಗಿ ಜಾರಿಬಿಡುತ್ತದೆ. ಕತ್ತು ದಪ್ಪವಿದ್ದರೆ ಪುಲ್ಲಿಯಲ್ಲಿ ಬೇರೆ ಕಡೆ ಹೊಸ ಗಾಡಿ ಹೊಡೆಸಬಹುದು. ಶಾಫ್ಟಿನ ಗಾಡಿಯೇ ಅಗಲವಾಗಿದ್ದರೆ ಅದನ್ನು 10 ಮಿ.ಮೀ.ಗೆ ಸರಿಮಾಡಿ, ಕೆಳಗೆ 10, ಮೇಲೆ 8 ಇರುವ ಮೆಟ್ಟಿಲು ಕೀ ಮಾಡಿಸಿದರೆ ಹಳೆಯ ಪುಲ್ಲಿಯೇ ಕೂರುತ್ತದೆ. ಗಾಡಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ ಮಾತ್ರ ರಿಪೇರಿಯ ಮಾತು ಬೇಡ, ಶಾಫ್ಟ್ ಹೊಸದೇ ಹಾಕಿಸಬೇಕು.