ಗುಳಿಗೆಯ ಲೆಕ್ಕ, ರೋಗಿಯ ಲೆಕ್ಕ



ಮಸ್ಕತ್ತಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟರಾಲಿನ ಅಂಕಿ ಇಳಿದುದನ್ನು ಕಂಡು ನೆಮ್ಮದಿಪಡುತ್ತೇವೆ. ಆದರೆ ಅಂಕಿ ಇಳಿಯುವುದು ಬೇರೆ, ಹೃದಯಾಘಾತ ತಪ್ಪುವುದು ಬೇರೆ. ರೋಗಿಯ ಅನುಭವಕ್ಕೆ ಬರುವ ಫಲಕ್ಕೆ ಬದಲಾಗಿ ಅಳೆಯುವ ಇಂತಹ ಅಂಕಿಯನ್ನು ಬದಲಿ ಸೂಚಕವೆನ್ನಬಹುದು. ಇದರ ಮಿತಿಯನ್ನು ತಿಳಿಯಲು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಮುಖ ಪಾತ್ರ ವಹಿಸಿದ ಒಂದು ಪ್ರಯೋಗವೇ ಸಾಕು.

2009ರಲ್ಲಿ 'ಪಾಲಿಕ್ಯಾಪ್' ಎಂಬ ಗುಳಿಗೆಯ ಅಧ್ಯಯನ ಪ್ರಕಟವಾಯಿತು. ರಕ್ತದೊತ್ತಡದ ಮೂರು ಔಷಧಗಳು, ಕೊಲೆಸ್ಟರಾಲಿನದೊಂದು, ಜೊತೆಗೆ ಆಸ್ಪಿರಿನ್, ಇಷ್ಟೂ ಒಂದೇ ಗುಳಿಗೆಯಲ್ಲಿ. ಭಾರತದ 50 ಕೇಂದ್ರಗಳಲ್ಲಿ 2,053 ಮಂದಿಯನ್ನು ಕೇವಲ 12 ವಾರ ಪರೀಕ್ಷಿಸಿದರು. ಮೇಲಿನ ರಕ್ತದೊತ್ತಡ ಸುಮಾರು 7 ಅಂಶ ತಗ್ಗಿತು, ಕೆಟ್ಟ ಕೊಲೆಸ್ಟರಾಲೂ ಇಳಿಯಿತು. ಹನ್ನೆರಡು ವಾರಗಳಲ್ಲಿ ಹೃದಯಾಘಾತಗಳನ್ನು ಎಣಿಸಲಾಗದಷ್ಟೆ? ಆದುದರಿಂದ ಹಳೆಯ ಅಧ್ಯಯನಗಳ ಆಧಾರದಿಂದ ಲೆಕ್ಕ ಕಟ್ಟಿ, ಹೃದ್ರೋಗ ಶೇ. 62ರಷ್ಟೂ ಪಾರ್ಶ್ವವಾಯು ಶೇ. 48ರಷ್ಟೂ ಕಡಿಮೆಯಾಗಬಹುದೆಂದು ಅಂದಾಜಿಸಿದರು. ಅದು ಅಂದಾಜೆಂದು ಅವರು ಮುಚ್ಚಿಡಲಿಲ್ಲ. ಕೇಳಿದವರ ನೆನಪಿನಲ್ಲಿ ಮಾತ್ರ ಶೇ. 62 ಉಳಿಯಿತು.

ಅದೇ ಬಳಗ ನಿಜವಾದ ಪರೀಕ್ಷೆಯನ್ನೂ ಕೈಗೊಂಡಿತೆಂಬುದು ಮೆಚ್ಚತಕ್ಕದ್ದು. ಹಲವು ದೇಶಗಳ 5,713 ಮಂದಿಯನ್ನು ಸರಾಸರಿ 4.6 ವರ್ಷ ಗಮನಿಸಿದ ಫಲಿತಾಂಶ 2020ರಲ್ಲಿ ಹೊರಬಂದಿತು. ಈ ಸಲ ಆಸ್ಪಿರಿನ್ನನ್ನು ಪ್ರತ್ಯೇಕವಾಗಿಟ್ಟಿದ್ದರು. ಹುಸಿಗುಳಿಗೆ ಪಡೆದವರಲ್ಲಿ ಶೇ. 5.5, ನಿಜಗುಳಿಗೆ ಪಡೆದವರಲ್ಲಿ ಶೇ. 4.4 ಮಂದಿಗೆ ತೊಂದರೆಯಾಯಿತು. ಅಂದರೆ ಅಪಾಯ ಸುಮಾರು ಶೇ. 21 ತಗ್ಗಿತು, ಅದೂ ಆಕಸ್ಮಿಕದ ಗಡಿಯ ಮೇಲೆಯೇ ನಿಂತ ಅಂಕಿ. ಆಸ್ಪಿರಿನ್ ಸೇರಿದಾಗ ಅದು ಶೇ. 31. ಔಷಧದ ಪ್ರಮಾಣ ಮೊದಲಿನದಕ್ಕಿಂತ ಇಮ್ಮಡಿಯಾಗಿದ್ದರೂ ಫಲ ಅಂದಾಜಿನ ಅರ್ಧಕ್ಕಿಳಿಯಿತು. ವರ್ಷಗಟ್ಟಲೆ ನಡೆದ ಪ್ರಯೋಗದಲ್ಲಿ ಅನೇಕರು ಗುಳಿಗೆಯನ್ನು ಬಿಟ್ಟುಬಿಟ್ಟಿದ್ದರು; ಪೂರೈಕೆಯ ಅಡಚಣೆ, ಕೊನೆಗೆ ಕೋವಿಡ್ ಕೂಡ ಅಡ್ಡಬಂದವು. ಹನ್ನೆರಡು ವಾರಗಳ ರಕ್ತದೊತ್ತಡಕ್ಕೆ ಇವೆಲ್ಲ ತಿಳಿಯುವುದೆಂತು?

ಈ 'ತೊಂದರೆ' ಎಂಬುದೂ ಒಂದೇ ವಸ್ತುವಲ್ಲ. ಹೃದಯ ಸಂಬಂಧಿ ಸಾವು, ಹೃದಯಾಘಾತ, ಪಾರ್ಶ್ವವಾಯು, ಹೃದಯವೈಫಲ್ಯ, ನಿಂತ ಹೃದಯವನ್ನು ಮತ್ತೆ ಬಡಿಸಿದ್ದು, ರಕ್ತನಾಳ ತೆರೆಯುವ ಚಿಕಿತ್ಸೆ, ಇವೆಲ್ಲವನ್ನೂ ಒಟ್ಟುಗೂಡಿಸಿ ಎಣಿಸಿದ್ದರು. ಇದು ಕೂಡು ಫಲಿತಾಂಶ. ಘಟನೆಗಳು ವಿರಳವಾದಾಗ ಈ ಕ್ರಮ ಅನಿವಾರ್ಯ. ಆದರೆ ಎಣಿಕೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರೂ ಒಂದು, ತೀರಿಕೊಂಡವರೂ ಒಂದು. ಸ್ಟೆಂಟ್ ಬೇಕೆಂಬುದು ವೈದ್ಯರ ನಿರ್ಣಯವನ್ನೂ ಅವಲಂಬಿಸಿರುತ್ತದೆ. ಆದ್ದರಿಂದ 'ಶೇ. 21 ಇಳಿಕೆ' ಎಂಬುದನ್ನು ಸಾವಿನಲ್ಲಿ ಶೇ. 21 ಇಳಿಕೆಯೆಂದು ಓದಬಾರದು. ಪಟ್ಟಿಯ ಪ್ರತಿಯೊಂದು ಸಾಲನ್ನೂ ಬೇರೆಬೇರೆಯಾಗಿ ನೋಡಬೇಕು.

ಸಾವಿರ ಮಂದಿಯ ಲೆಕ್ಕದಲ್ಲಿ ಹೇಳುವುದಾದರೆ, ಹುಸಿಗುಳಿಗೆಯವರಲ್ಲಿ 55, ನಿಜಗುಳಿಗೆಯವರಲ್ಲಿ 44. ನಾಲ್ಕೂವರೆ ವರ್ಷಗಳಲ್ಲಿ ಹನ್ನೊಂದು ಮಂದಿ ಪಾರಾದರು. ಅಗ್ಗದ ಗುಳಿಗೆಗೆ ಇದು ಸಣ್ಣ ಸಾಧನೆಯೇನಲ್ಲ, ಶೇ. 62ರ ಭರವಸೆಯಂತೂ ಅಲ್ಲ.